ಅಂಚಿನ ಬೂದು

ತ್ರಿವೇಣಿ ಬಸವಕಲ್ಯಾಣದಿಂದ ಗಡಿಯಾಚೆಯ ಉಮರ್ಗಾಕ್ಕೆ ಸೊಸೆಯಾಗಿ ಬಂದಾಗ ಅವಳ ಸಾಮಾನಿನಲ್ಲಿ ಒಂದು ಹಳೆಯ ಕ್ಯಾಮೆರಾ ಇತ್ತು. ಮದುವೆಗೆ ಮುಂಚೆ ಅಣ್ಣನ ಸ್ಟುಡಿಯೋದಲ್ಲಿ ಆರು ವರ್ಷ ಕೂತು ಆಲ್ಬಮ್ಮುಗಳ ಕೆಲಸ ಮಾಡಿದವಳು ಅವಳು. ಮದುಮಕ್ಕಳನ್ನು ಶಾಮಿಯಾನದಿಂದ ಕತ್ತರಿಸಿ ತೆಗೆದು ಗುಲಾಬಿ ತೋಟದ ಮುಂದೆ ನಿಲ್ಲಿಸುವುದು, ಅತ್ತ ಕಣ್ಣಿಗೆ ನಗು ತರಿಸುವುದು, ಸತ್ತವರ ಹಳೆಯ ಗುಂಪು ಫೋಟೋದಿಂದ ಮುಖವೊಂದನ್ನೇ ಬಿಡಿಸಿ ಹಾರ ಹಾಕುವಷ್ಟು ದೊಡ್ಡದು ಮಾಡುವುದು, ಎಲ್ಲ ಬರುತ್ತಿತ್ತು. ಗಂಡನ ಮನೆಯಲ್ಲಿ ಎರಡು ವರ್ಷ ಆ ಕ್ಯಾಮೆರಾ ಬೀರುವಿನ ಮೇಲೆಯೇ ಇತ್ತು.

ಮಾವ ಕಾಶೆಪ್ಪ ಬೆಳ್ಳಿ ಕೆಲಸದವರು. ಇಷ್ಟಲಿಂಗ ಇಟ್ಟುಕೊಂಡು ಕೊರಳಿಗೆ ಕಟ್ಟಿಕೊಳ್ಳುವ ಕರಡಿಗೆ ಮಾಡುವುದರಲ್ಲಿ ಅವರ ಹೆಸರು ದೊಡ್ಡದು. ಮುರುಮ, ನಿಲಂಗಾ, ಉದಗೀರದ ಅಡತಿ ಅಂಗಡಿಗಳ ಯಜಮಾನರ ಎದೆಯ ಮೇಲೆ ನಲವತ್ತು ವರ್ಷ ಅವರ ಕೈಯ ಕರಡಿಗೆಗಳೇ ತೂಗಾಡಿದವು. ಕೆಳಗೊಂದು ಬಟ್ಟಲು, ಮೇಲೊಂದು ಮುಚ್ಚಳ. ಎರಡರ ಬಾಯಿಯೂ ಒಂದರೊಳಗೊಂದು ಕೂರಬೇಕು. ಹೊರಗೆ ಎಷ್ಟು ಹೂಬಳ್ಳಿ ಕೊರೆದರೂ ಕರಡಿಗೆಯ ಗುಣ ಇರುವುದು ಬಾಯಿಯಲ್ಲಿ. ಮುಚ್ಚಿದರೆ ಟಕ್ ಎನ್ನಬೇಕು, ಮತ್ತೆ ಬೆರಳಿನಿಂದ ಎಬ್ಬಿಸುವ ತನಕ ಬಿಡಬಾರದು. ಕಾಶೆಪ್ಪನವರು ಗಿರಾಕಿಯ ಮುಂದೆ ಕರಡಿಗೆಯನ್ನು ತಲೆಕೆಳಗು ಹಿಡಿದು ಜಾಡಿಸಿ ತೋರಿಸಿ ಕೊಡುತ್ತಿದ್ದರು.

ಆದರೆ ಸೋಲಾಪುರದಿಂದ ಅಚ್ಚಿನಲ್ಲಿ ಒತ್ತಿದ ಕರಡಿಗೆಗಳು ಬರತೊಡಗಿದ ಮೇಲೆ ಸರಾಫ ಬಜಾರಿನ ಅವರ ಅಂಗಡಿಗೆ ಬರುವವರು ಕಡಿಮೆಯಾದರು. ಆಗ ತ್ರಿವೇಣಿಯ ಗಂಡ ಉಮಾಕಾಂತನಿಗೆ ಆನ್‌ಲೈನ್ ಮಾರಾಟದ ಯೋಚನೆ ಹೊಳೆಯಿತು. ಕೈಕೆಲಸ ಅಂದರೆ ದೂರದವರು ಹುಡುಕಿಕೊಂಡು ತಗೊಳ್ಳುತ್ತಾರೆ, ಫೋಟೋ ಮಾತ್ರ ಚೆಂದ ಇರಬೇಕು ಅಂತ ಹೇಳಿ ಬೀರುವಿನ ಮೇಲಿನ ಕ್ಯಾಮೆರಾವನ್ನು ತಾನೇ ಇಳಿಸಿ ಧೂಳು ಒರೆಸಿ ಹೆಂಡತಿಯ ಕೈಗೆ ಕೊಟ್ಟ. ತ್ರಿವೇಣಿಗೆ ಆ ದಿನ ಆದಷ್ಟು ಸಂತೋಷ ಈ ಮನೆಯಲ್ಲಿ ಇನ್ನೊಮ್ಮೆ ಆಗಿರಲಿಲ್ಲ.

ಮೊದಲ ಫೋಟೋಗಳು ಒಂದೂ ಪಾಸಾಗಲಿಲ್ಲ. ಹಿನ್ನೆಲೆ ಅಚ್ಚ ಬಿಳಿ ಇರಬೇಕು ಎಂಬುದು ಅವರು ಮಾರಲು ಆರಿಸಿಕೊಂಡ ಜಾಲತಾಣದ ನಿಯಮ. ಅವಳು ಬಿಳಿ ಹಾಳೆಯ ಮೇಲೆಯೇ ಇಟ್ಟು ತೆಗೆದಿದ್ದಳು, ಆದರೆ ಫೋಟೋದಲ್ಲಿ ಹಾಳೆ ಬೂದಾಗಿ ಬಂದಿತ್ತು. ಕಿಟಕಿಯ ಕಡೆ ತಿಳಿ ಬೂದು, ಇನ್ನೊಂದು ಮೂಲೆಗೆ ಹೋಗುತ್ತ ಹೋಗುತ್ತ ಒಲೆಯ ಬೂದಿಯಷ್ಟು ದಟ್ಟ. ಎಲ್ಲ ಕಡೆ ಒಂದೇ ಬೂದು ಇದ್ದಿದ್ದರೆ ಒಂದೇ ಸಲಕ್ಕೆ ಬೆಳಕು ಏರಿಸಬಹುದಿತ್ತು. ಇಲ್ಲಿ ಮೂಲೆ ಬೆಳ್ಳಗಾಗುವ ತನಕ ಏರಿಸಿದರೆ ಅಷ್ಟರೊಳಗೆ ಕಿಟಕಿ ಕಡೆಯ ಬೆಳ್ಳಿಯೂ ಹಾಳೆಯಲ್ಲಿ ಕರಗಿ ಹೋಗುತ್ತಿತ್ತು.

ಹಿನ್ನೆಲೆಯನ್ನು ತಾನೇ ತೆಗೆಯುವ ಆ್ಯಪ್‌ಗಳನ್ನು ನೋಡಿದಳು. ಬೆಳ್ಳಿ ಅಂದರೆ ಕನ್ನಡಿ ಇದ್ದ ಹಾಗೆ. ಪಕ್ಕದ ಬೂದು ಅದರ ಮೈಮೇಲೂ ಬಿದ್ದಿರುತ್ತದೆ. ಎಲ್ಲಿ ಹಾಳೆ ಮುಗಿಯಿತು, ಎಲ್ಲಿ ಲೋಹ ಶುರುವಾಯಿತು ಎಂಬುದು ಆ್ಯಪ್‌ಗೆ ತಿಳಿಯದೆ ಕರಡಿಗೆಯನ್ನು ಇಲಿ ಕಚ್ಚಿದಂತೆ ಕಚ್ಚಿ ಹಾಕುತ್ತಿತ್ತು. ಕೊನೆಗೆ ಕೈಯಿಂದಲೇ ಕತ್ತರಿಸಿ ಬಿಳಿ ಹಿನ್ನೆಲೆ ತುಂಬಿದಳು. ಆಗ ಸುತ್ತಲೂ ಕೂದಲೆಳೆಯಷ್ಟು ಬೂದು ಗೆರೆ ಉಳಿಯಿತು, ನೀರಿನ ಕೊಡ ಎತ್ತಿದ ಮೇಲೆ ನೆಲದಲ್ಲಿ ಉಳಿಯುವ ಬಳೆಯ ಹಾಗೆ. ಅಂಚಿನ ಪಿಕ್ಸೆಲ್ ಚುಕ್ಕೆಗಳಲ್ಲಿ ಅರ್ಧ ಬೆಳ್ಳಿ ಅರ್ಧ ಹಾಳೆ ಕಲೆತಿರುತ್ತವೆ. ಹಾಳೆಯನ್ನು ತೆಗೆದರೂ ಅದರ ಬೂದು ಆ ಚುಕ್ಕೆಗಳಲ್ಲಿ ನಿಂತುಬಿಡುತ್ತದೆ. ಒಂದೆರಡು ಚುಕ್ಕೆ ಒಳಗೆ ಸರಿದು ಕತ್ತರಿಸಿದರೆ ಗೆರೆ ಹೋಗುತ್ತಿತ್ತು, ಜೊತೆಗೆ ದಾರ ಪೋಣಿಸುವ ಕೊಂಡಿಯ ಸಣ್ಣ ತಂತಿಯೂ ತೆಳ್ಳಗಾಗುತ್ತಿತ್ತು.

ನಾಲ್ಕು ದಿನ ಒದ್ದಾಡಿದ ಮೇಲೆ ಅಣ್ಣನಿಗೆ ಫೋನ್ ಮಾಡಿದಳು. ಅವನು ಉಪಾಯ ಹೇಳಿಕೊಟ್ಟ. ಕ್ಯಾಮೆರಾ ಸ್ಟ್ಯಾಂಡಿನ ಮೇಲಿರಲಿ, ಬೆಳಕು ಒಂದೇ ಇರಲಿ, ಸೆಟ್ಟಿಂಗ್ ಒಂದೂ ಬದಲಾಗದಿರಲಿ. ಕರಡಿಗೆಯ ಫೋಟೋ ತೆಗೆದ ತಕ್ಷಣ ಅದನ್ನು ಎತ್ತಿ ಖಾಲಿ ಹಾಳೆಯದೂ ಒಂದು ಫೋಟೋ ತೆಗೆ. ಖಾಲಿ ಫೋಟೋವನ್ನು ಸ್ವಲ್ಪ ಮಬ್ಬು ಮಾಡಿ ಮೊದಲಿನದರ ಮೇಲೆ ಲೇಯರ್ ಇಟ್ಟು, ಎಡಿಟಿಂಗಿನ ಡಿವೈಡ್ ಆರಿಸಿ ಭಾಗಿಸು. ಎಲ್ಲಿ ಎಷ್ಟು ಬೂದು ಇತ್ತೋ ಅಲ್ಲಿ ಅಷ್ಟರಿಂದಲೇ ಭಾಗಿಸಿದಂತಾಗಿ ಹಾಳೆ ಪೂರಾ ಬೆಳ್ಳಗಾಗುತ್ತದೆ. ಕತ್ತರಿಸುವುದೇ ಇಲ್ಲ ಅಂದ ಮೇಲೆ ಗೆರೆ ಎಲ್ಲಿಂದ ಬರಬೇಕು. ಮತ್ತೆ ಬೆಳ್ಳಿ ಹಾಳೆಯಲ್ಲಿ ಕರಗಬಾರದು ಅಂದರೆ ಎರಡೂ ಬದಿಗೆ, ಫೋಟೋದಲ್ಲಿ ಕಾಣದಷ್ಟು ದೂರದಲ್ಲಿ, ಕಪ್ಪು ಕಾಗದ ನಿಲ್ಲಿಸು. ಖಾಲಿ ಹಾಳೆಯ ಫೋಟೋ ತೆಗೆಯುವಾಗಲೂ ಅವನ್ನು ಕದಲಿಸಬೇಡ. ಕಪ್ಪು ಬಂದು ಬೆಳ್ಳಿಯ ಅಂಚಿನಲ್ಲಿ ಕಾಡಿಗೆ ಎಳೆದಂತೆ ಕೂರುತ್ತದೆ.

ಹಾಗೆಯೇ ಆಯಿತು. ಶ್ರಾವಣದ ಒಂದು ಮಧ್ಯಾಹ್ನ, ಅತ್ತೆ ಪ್ರೇಮಾಬಾಯಿ ಭಜನೆಗೆ ಹೋಗಿದ್ದಾಗ, ತ್ರಿವೇಣಿ ಲ್ಯಾಪ್‌ಟಾಪಿನ ಮುಂದೆ ಕೂತು ಆ ಎರಡು ಫೋಟೋಗಳನ್ನು ಒಂದರ ಮೇಲೊಂದು ಇಟ್ಟು ಭಾಗಿಸಿದಾಗ ಬೂದೆಲ್ಲ ಒಮ್ಮೆಲೇ ಹಾರಿಹೋಗಿ ಕರಡಿಗೆ ಹಾಲಿನಲ್ಲಿ ತೇಲಿದಂತೆ ಕಂಡಿತು. ನಾಲ್ಕು ಪಟ್ಟು ದೊಡ್ಡದು ಮಾಡಿ ಅಂಚಿನುದ್ದಕ್ಕೂ ಸರಿಯುತ್ತ ಹೋದಳು. ಎಲ್ಲೂ ಗೆರೆಯಿಲ್ಲ. ಎಡಗಡೆ, ಮುಚ್ಚಳವೂ ಬಟ್ಟಲೂ ಕೂಡುವ ಕಡೆ ಮಾತ್ರ, ಉಗುರಿನ ಮೊನೆಯಷ್ಟು ಬೂದು ಉಳಿದಿತ್ತು.

ಇದೊಂದು ಯಾಕೆ ಉಳಿಯಿತು ಅಂತ ಅವಳಿಗೆ ಕಿರಿಕಿರಿಯಾಯಿತು. ಖಾಲಿ ಹಾಳೆಯ ಫೋಟೋ ತೆಗೆಯುವಾಗ ಕ್ಯಾಮೆರಾ ಅಲುಗಿತೇನೋ ಎಂದು ಮತ್ತೊಮ್ಮೆ ತೆಗೆದಳು. ಅಲ್ಲೇ ಬಂತು. ಕಪ್ಪು ಕಾಗದ ಸರಿಸಿ ಎರಡೂ ಫೋಟೋ ಹೊಸದಾಗಿ ತೆಗೆದಳು. ಅಲ್ಲೇ ಬಂತು. ಆಗ ಕರಡಿಗೆಯನ್ನೇ ಕಾಲು ಸುತ್ತು ತಿರುಗಿಸಿ ಇಟ್ಟು ತೆಗೆದಳು. ಎಡ ಅಂಚು ಈಗ ಸ್ವಚ್ಛವಾಗಿತ್ತು. ಬೂದು ಅಲ್ಲಿಂದ ಹೊರಟು ಮುಂಭಾಗದಲ್ಲಿ ಕಪ್ಪು ಎಳೆಯಾಗಿ ಬಂದು ನಿಂತಿತ್ತು.

ಹಿನ್ನೆಲೆಯ ದೋಷವಾಗಿದ್ದರೆ ಅದು ಅಂಚಿನಲ್ಲೇ ಇರಬೇಕು, ವಸ್ತುವಿನ ಜೊತೆ ತಿರುಗಬಾರದು. ತ್ರಿವೇಣಿ ಕರಡಿಗೆಯನ್ನು ಕೈಗೆತ್ತಿಕೊಂಡು ಬಾಯಿಯ ಸುತ್ತ ಉಗುರು ಎಳೆದಳು. ಒಂದು ಕಡೆ ಉಗುರು ಇಳಿಯಿತು. ಲೋಹ ಉಜ್ಜುವ ಅರ ಹೆಚ್ಚು ಹೊಡೆದು ಬಾಯಿ ಅಲ್ಲಿ ತಗ್ಗಾಗಿತ್ತು. ಮುಚ್ಚಳ ಒತ್ತಿದರೆ ಟಕ್ ಎನ್ನುತ್ತಿತ್ತು, ಆದರೆ ಆ ಬದಿಗೆ ಹೆಬ್ಬೆರಳು ತಾಗಿಸಿದರೆ ಸಾಕು, ಎದ್ದು ಬರುತ್ತಿತ್ತು.

ಅವಳು ಪಡಸಾಲೆಯ ಕಡೆ ನೋಡಿದಳು. ಮಾವ ಕೆಲಸದ ಮಣೆಯ ಮುಂದೆ ಕೂತು ಹೊಸ ಬಟ್ಟಲಿಗೆ ಅರ ಹಿಡಿಯುತ್ತಿದ್ದರು. ಅರ ಮುಟ್ಟುವ ಮುಂಚೆ ಅವರ ಬಲಗೈ ಗಾಳಿಯಲ್ಲಿ ಒಂದು ಕ್ಷಣ ನಡುಗಿತು. ಅವರು ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು ನಡುಕ ನಿಲ್ಲಿಸಿಕೊಂಡರು, ಮತ್ತೆ ಶುರು ಮಾಡಿದರು. ಕೆಲವು ತಿಂಗಳಿಂದ ಅವರು ಚಹಾವನ್ನು ಕಪ್-ಬಸಿಯಲ್ಲಿ ಬೇಡ, ಲೋಟದಲ್ಲಿ ಅರ್ಧ ಮಾತ್ರ ಕೊಡು ಅನ್ನುತ್ತಿದ್ದುದು ಯಾಕೆ ಎಂದು ಅವಳಿಗೆ ಆಗ ಗೊತ್ತಾಯಿತು.

ಸಂಜೆ ಉಮಾಕಾಂತ ಬಂದ ಮೇಲೆ ಅವನನ್ನು ಒಳಗೆ ಕರೆದು ಕರಡಿಗೆಯನ್ನೂ ಫೋಟೋವನ್ನೂ ತೋರಿಸಿದಳು. ಅವನು ಬಹಳ ಹೊತ್ತು ಬಾಯಿಯ ಮೇಲೆ ಬೆರಳಾಡಿಸಿದ. ಅಪ್ಪನಿಗೆ ಹೇಳಿದರೆ ಅವರು ಅನ್ನ ಬಿಡುತ್ತಾರೆ ಅಂದ. ಅವರಿಂದ ಈ ಕೆಲಸ ಕಿತ್ತುಕೊಂಡರೆ ಉಳಿಯುವುದು ಏನು ಅಂದ. ಎಷ್ಟೋ ಮಂದಿ ಕರಡಿಗೆಯ ಮೇಲೆ ವಸ್ತ್ರ ಸುತ್ತುತ್ತಾರೆ, ಅಷ್ಟು ಸಡಿಲಿದ್ದರೂ ನಡೆಯುತ್ತದೆ ಅಂದ. ಕೊನೆಗೆ ಅವಳ ಮುಖ ನೋಡದೆ ಹೇಳಿದ: "ನೀ ಫೋಟೋದಾಗ ಸರಿ ಮಾಡಿಬಿಡು. ಮುಂದಿಂದು ನಾ ನೋಡ್ಕೋತೀನಿ."

ಅವಳು ಮಾಡಿದಳು. ಹತ್ತು ನಿಮಿಷದ ಕೆಲಸ ಅದು. ಪೆನ್ ಟೂಲಿನಿಂದ ಬಾಯಿಯ ಅಂಚಿಗೆ ಒಂದು ಸರಿಯಾದ ಬಾಗು ಎಳೆದು, ಪಕ್ಕದ ಬೆಳ್ಳಿಯನ್ನೇ ನಕಲು ಮಾಡಿ ತಂದು ಆ ಬೂದಿನ ಮೇಲೆ ಹಚ್ಚಿದಳು. ಮುಚ್ಚಳ ಬಟ್ಟಲಿಗೆ ಅಂಟಿಕೊಂಡಿತು. ಫೋಟೋ ಪಾಸಾಯಿತು.

ಉಮಾಕಾಂತ ಅದನ್ನು ಫೋನಿನಲ್ಲಿ ಅಪ್ಪನಿಗೆ ತೋರಿಸಿದ. ಕಾಶೆಪ್ಪನವರಿಗೆ ಹತ್ತಿರದ್ದು ಮಸುಕು. ನಲವತ್ತು ವರ್ಷ ಉರಿಯ ಮುಂದೆ ಕೂತ ಕಣ್ಣು ಅವು. ಆದರೆ ಫೋನಿನಲ್ಲಿ ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಬಹುದು ಎಂದು ಮಗ ಕಲಿಸಿದ್ದ. ಅವರು ಹಿಗ್ಗಿಸಿದರು, ನೇರ ಬಾಯಿಯ ಹತ್ತಿರವೇ ಹೋದರು, ಸುತ್ತಲೂ ನೋಡಿದರು. ಆಮೇಲೆ ಫೋನನ್ನು ವಾಪಸು ಕೊಟ್ಟು ಮೀಸೆ ತಿರುವಿಕೊಂಡು ಮಣೆಯ ಮುಂದೆ ಹೋಗಿ ಕೂತರು. ಆ ದಿನ ಅವರು ಕೆಲಸದಲ್ಲಿ ಮುಳುಗಿ ಊಟಕ್ಕೆ ಎರಡು ಸಲ ಕರೆಯಿಸಿಕೊಂಡರು.

ಅಲ್ಲಿಂದ ಮುಂದೆ ಅದೊಂದು ರೂಢಿಯೇ ಆಯಿತು. ಹೊಸ ಕರಡಿಗೆ ಮುಗಿದ ಕೂಡಲೇ ಅವರು ಸೊಸೆಯ ಬಾಗಿಲ ಹೊರಗೆ ನಿಂತು ಕೆಮ್ಮುತ್ತಿದ್ದರು. ಅವಳು ತಗೊಂಡು ಫೋಟೋ ತೆಗೆದು, ಭಾಗಿಸಿ, ಉಳಿದ ಬೂದಿನ ಮೇಲೆ ಬೆಳ್ಳಿ ಹಚ್ಚಿ ತೋರಿಸುತ್ತಿದ್ದಳು. ಅವರು ಹಿಗ್ಗಿಸಿ ನೋಡಿ ತಲೆಯಾಡಿಸುತ್ತಿದ್ದರು. ಪ್ರತಿ ಸಲವೂ ಬೂದು ಹಿಂದಿನ ಸಲಕ್ಕಿಂತ ಒಂದಿಷ್ಟು ಅಗಲ ಇರುತ್ತಿತ್ತು. ಒಮ್ಮೆ ತ್ರಿವೇಣಿ ಹೇಳಿಬಿಡಬೇಕು ಅಂತ ಬಾಯಿ ತೆರೆದಳು. "ಮಾಮಾ, ಇದರ ಬಾಯಿ" ಅಂದಳು. ಅವರು ನಗುತ್ತ, ಫೋಟೋದಲ್ಲಿ ನೋಡಿದೆ, ಚೊಲೋ ಬಂದಿದೆ ಅಂದರು. ಅವಳು ಆ ಫೋಟೋವನ್ನೂ ಮಾರಾಟಕ್ಕೆ ಹಾಕಿದಳು. ದೀಪಾವಳಿಯ ಹೊತ್ತಿಗೆ ಹನ್ನೊಂದು ಕರಡಿಗೆಗಳು ಹೋಗಿದ್ದವು.

ಮಾರ್ಗಶಿರದಲ್ಲಿ ಒಂದು ಬೆಳಿಗ್ಗೆ, ಹತ್ತು ಗಂಟೆಯ ಸುಮಾರಿಗೆ, ಒಬ್ಬ ಮನುಷ್ಯ ಮನೆ ಹುಡುಕಿಕೊಂಡು ಬಂದ. ನಲವತ್ತೈದರ ವಯಸ್ಸು, ಬೋಳಿಸಿದ ತಲೆಯಲ್ಲಿ ಹೊಸ ಕೂದಲು ಮೊಳೆಯುತ್ತಿತ್ತು. ಔರಾದ ಶಹಾಜನಿಯಲ್ಲಿ ತನ್ನದು ಕಿರಾಣಿ ಅಂಗಡಿ, ಹೆಸರು ರೇವಣಸಿದ್ಧ, ಪಾರ್ಸೆಲ್ಲಿನ ಮೇಲೆ ಈ ವಿಳಾಸ ಇತ್ತು ಅಂದ. ಎಸ್.ಟಿ. ಬಸ್ಸಿನಲ್ಲಿ ನಿಲಂಗಾಕ್ಕೆ ಬಂದು ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಬಂದಿದ್ದ. ಪ್ರೇಮಾಬಾಯಿ ನೀರು ಕೊಟ್ಟರೆ ಪಕ್ಕಕ್ಕಿಟ್ಟ. ಪಡಸಾಲೆಯಲ್ಲಿ ಕಾಶೆಪ್ಪನವರ ಎದುರು ಕೂತು ಕರವಸ್ತ್ರದ ಗಂಟು ಬಿಚ್ಚಿದ. ಒಳಗೆ ಕರಡಿಗೆ ಇತ್ತು. ಶ್ರಾವಣದ ಆ ಮೊದಲನೆಯದು.

ಅವನು ದನಿ ಏರಿಸದೆ ಹೇಳುತ್ತ ಹೋದ. ತಾಯಿ ಸುಮನಬಾಯಿ, ವಯಸ್ಸು ಎಪ್ಪತ್ತೆರಡು. ಹಳೆಯ ಕರಡಿಗೆ ಸವೆದಿದೆ ಎಂದು ಮಗ ಈ ಫೋಟೋ ನೋಡಿ ತರಿಸಿಕೊಟ್ಟಿದ್ದ. ಎರಡು ತಿಂಗಳು ಚೆನ್ನಾಗಿಯೇ ಇತ್ತು. ಕಾರ್ತಿಕದಲ್ಲಿ ಒಂದು ಸಂತೆಯ ದಿನ ಆಕೆ ಕಾಯಿಪಲ್ಲೆಗೆ ಹೋದಳು. ಬಗ್ಗಿ ಬದನೆಕಾಯಿ ಆರಿಸುವಾಗ ಕರಡಿಗೆ ಸೆರಗಿನಿಂದ ಹೊರಗೆ ಬಂದು ತಕ್ಕಡಿಯ ಅಂಚಿಗೆ ತಾಗಿತು. ದಾರ ಕೊರಳಲ್ಲೇ ಇತ್ತು, ಬಟ್ಟಲೂ ಮುಚ್ಚಳವೂ ದಾರದಲ್ಲೇ ಇದ್ದವು. ಲಿಂಗ ಮಾತ್ರ ಇರಲಿಲ್ಲ. ಮನೆಗೆ ಬಂದು ಪೂಜೆಗೆ ಕೂತಾಗಲೇ ಗೊತ್ತಾದದ್ದು. ಊರೆಲ್ಲ ಹುಡುಕಿದರು. ಸಂತೆಯ ಕಸ ಗುಡಿಸುವವರನ್ನು ಕೇಳಿದರು, ಮೋರಿಯ ಕೆಸರು ತೆಗೆಸಿ ಜರಡಿ ಹಿಡಿದರು. ಸಿಗಲಿಲ್ಲ. ಲಿಂಗಪೂಜೆಯಿಲ್ಲದೆ ಆಕೆ ಒಂದು ಹನಿ ನೀರು ಕುಡಿಯಲಿಲ್ಲ. ಮಠದಿಂದ ಅಯ್ಯನವರು ಬಂದು ಬೇರೆ ಲಿಂಗ ಕೊಡುತ್ತೇನೆ ತಾಯಿ, ಇದಕ್ಕೆ ದಾರಿ ಇದೆ ಅಂದರು. ಎಂಟು ವರ್ಷದವಳಿದ್ದಾಗ ಕಟ್ಟಿದ ಲಿಂಗ, ಅದು ಹೋದ ಮೇಲೆ ತಾನು ಇರುವುದು ಹೇಗೆ ಅಂತ ಆಕೆ ಗೋಡೆ ಕಡೆ ತಿರುಗಿ ಮಲಗಿದಳು. ನಾಲ್ಕನೆಯ ದಿನ ಮೊಮ್ಮಗಳು ಕಾಲು ಹಿಡಿದ ಮೇಲೆ ಹೊಸ ಲಿಂಗ ಕಟ್ಟಿಸಿಕೊಂಡು ಒಂದು ಬಟ್ಟಲು ಹಾಲು ಕುಡಿದಳು. ಅಷ್ಟರಲ್ಲಿ ಮೂತ್ರ ನಿಂತುಹೋಗಿತ್ತು. ಉದಗೀರದ ಆಸ್ಪತ್ರೆಯಲ್ಲಿ ಆರು ದಿನ ಇದ್ದಳು. ಸಕ್ಕರೆ ಕಾಯಿಲೆ ಮೊದಲೇ ಇತ್ತು, ಕಿಡ್ನಿ ಸೋತಿತ್ತು ಅಂತ ಡಾಕ್ಟರು ಹೇಳಿದರು.

"ಕರಡಿಗಿಂದ ಸತ್ತಳು ಅಂತ ನಾ ಅನ್ನಂಗಿಲ್ರೀ," ಅಂದ ರೇವಣಸಿದ್ಧ. "ಕೇಳ್ಲಿಕ್ಕ ಬಂದಿದ್ದು ಒಂದೇ ಮಾತು." ಅವನು ಫೋನು ತೆಗೆದು ಮಾರಾಟದ ಫೋಟೋ ತೋರಿಸಿದ. ಇನ್ನೊಂದು ಕೈಯಲ್ಲಿ ಕರಡಿಗೆಯನ್ನು ಅದರ ಪಕ್ಕಕ್ಕೆ ಹಿಡಿದ. "ಇದರಾಗ ಬಾಯಿ ಕೂಡ್ಯಾದ. ಇದರಾಗ ಕೂಡಿಲ್ಲ. ಹೂವಿನ ಕೆತ್ತನಿ ಅದೇ, ಕೊಂಡಿ ಮ್ಯಾಲಿನ ಗೀಚು ಸೈತ ಅದೇ. ಎರಡೂ ಒಂದೇ ಹೌದಾ ಅಲ್ಲಾ?"

ಕಾಶೆಪ್ಪನವರು ಕೈ ಚಾಚಿದರು. ಕರಡಿಗೆ ಅವರ ಅಂಗೈಗೆ ಬಂತು. ಕಣ್ಣು ಮುಚ್ಚಿಕೊಂಡು ಹೆಬ್ಬೆರಳನ್ನು ಬಾಯಿಯ ಸುತ್ತ ಒಯ್ದರು. ಆ ತಗ್ಗಿಗೆ ಬಂದಾಗ ಬೆರಳು ನಿಂತಿತು. ಮುಂದೆ ಹೋಗಿ ಮತ್ತೆ ಹಿಂದಕ್ಕೆ ಬಂತು. ಕರಡಿಗೆಯನ್ನು ಮುಚ್ಚಿ, ತಲೆಕೆಳಗು ಹಿಡಿದು ಜಾಡಿಸಿದರು. ಮುಚ್ಚಳ ಬಿಚ್ಚಿಕೊಂಡು ದಾರದ ಕೊಂಡಿಯಲ್ಲಿ ನೇತಾಡಿತು.

"ಇದು ನನ್ನ ಕೆಲಸ," ಅಂದರು ಅವರು. "ಆ ಫೋಟೋದಾಗಿಂದು ನನ್ನ ಕೆಲಸ ಅಲ್ಲ."

ಉಮಾಕಾಂತ ಮುಂದೆ ಬಂದು, ಫೋಟೋ ಎಂದರೆ ಕಂಪ್ಯೂಟರು ತಾನೇ ಏನೇನೋ ಮಾಡುತ್ತದೆ, ಹಿಂದಿನ ಬೂದು ತೆಗೆಯುವಾಗ ಅಂಚು ಹೆಚ್ಚುಕಡಿಮೆ ಆಗಿರಬಹುದು, ಯಾರೂ ಬೇಕೆಂದು ಮಾಡಿದ್ದಲ್ಲ ಅಂತ ಒಂದೇ ಉಸಿರಿಗೆ ಹೇಳಿದ. ರೇವಣಸಿದ್ಧ ಅವನನ್ನು ನೋಡಿದ. ಅವನಿಗೆ ಆ ಮಾತು ಪಟ್ಟಿತೋ ಏನೋ, ಬೇಸತ್ತವನಂತೆ ತಲೆಯಾಡಿಸಿ ಫೋನನ್ನು ಕಿಸೆಗೆ ಇಡಲು ಹೋದ. ಇನ್ನೊಂದು ಗಳಿಗೆ ತ್ರಿವೇಣಿ ಸುಮ್ಮನಿದ್ದಿದ್ದರೆ ಅವನು ಎದ್ದು ಹೋಗುತ್ತಿದ್ದ.

"ಕಂಪ್ಯೂಟರ್ ಮಾಡಿಲ್ಲ," ಅಂದಳು ಅವಳು, ಅಡಿಗೆ ಮನೆಯ ಬಾಗಿಲಲ್ಲಿ ನಿಂತು. "ನಾ ಮಾಡೀನಿ. ಬೂದು ತೆಗೆದಾಗ ಅಂಚು ಕೆಟ್ಟಿರಲಿಲ್ಲ. ಬಾಯಿ ಕೂಡಿಲ್ಲ ಅಂತ ನನಗ ಕಂಡಿತ್ತು. ಕಂಡ ಮ್ಯಾಲೇ ಮುಚ್ಚೀನಿ."

ಉಮಾಕಾಂತ ಅವಳ ಕಡೆ ನೋಡಿದ ನೋಟವನ್ನು ಅವಳು ಮುಂದೆ ಬಹಳ ದಿನ ಮರೆಯಲಿಲ್ಲ. ಕಾಶೆಪ್ಪನವರು ಮಾತ್ರ ಸೊಸೆಯ ಕಡೆ ತಿರುಗಿ ಬಹಳ ಮೆತ್ತಗೆ ಮೊದಲಿನ ಫೋಟೋ ಇದೆಯೇ ಎಂದು ಕೇಳಿದರು.

ಇತ್ತು. ಅವಳು ಏನನ್ನೂ ಅಳಿಸಿರಲಿಲ್ಲ. ಲ್ಯಾಪ್‌ಟಾಪ್ ತಂದು ಮಣೆಯ ಮೇಲೆ, ಅರ ಮತ್ತು ಚಿಮಟಗಳ ನಡುವೆ ಇಟ್ಟು, ಬೂದು ಹಾಳೆಯ ಆ ಮೊದಲ ಫೋಟೋ ತೆರೆದಳು. ಆಮೇಲೆ ಭಾಗಿಸಿದ್ದು ತೆರೆದಳು, ಆಮೇಲೆ ಬೆಳ್ಳಿ ಹಚ್ಚಿದ್ದು. ಕಾಶೆಪ್ಪನವರು ನಡುವಿನದನ್ನು ದೊಡ್ಡದು ಮಾಡು ಅಂದರು. ಮಾಡಿದಳು. ಇನ್ನೂ ಅಂದರು. ತೆರೆಯ ತುಂಬ ಬೆಳ್ಳಿಯ ಅಂಚು ಹರಡಿಕೊಂಡಿತು. ನಡುವೆ ಆ ಬೂದು ಬೆರಳಿನಷ್ಟು ಉದ್ದವಾಗಿ ನಿಂತಿತು. ಅಲ್ಲಿ ಅರ ಹೊಡೆದ ಗೆರೆಗಳು ಕೂಡ ಕಂಡವು, ಒಂದು ಈ ಕಡೆ ಒಂದು ಆ ಕಡೆ, ಕಲಿಯುವವನ ಕೈಯ ಗೆರೆಗಳ ಹಾಗೆ.

"ಹನ್ನೊಂದೂ ಹಿಂಗೇನು?"

"ಹೌದ್ರಿ, ಮಾಮಾ."

"ಅವಕೂ ಹಿಂಗ ಹಚ್ಚೀಯೇನು?"

ಅವಳು ಹೌದೆಂದು ತಲೆಯಾಡಿಸಿದಳು.

ಅವರು ತೆರೆಯಿಂದ ಕಣ್ಣು ತೆಗೆಯಲಿಲ್ಲ. "ಕೈ ನಡಗ್ತದ ಅಂತ ನನಗ ಗೊತ್ತಿತ್ತು, ಯವ್ವಾ. ಕಣ್ಣಿಗಿ ಕಾಣಂಗಿಲ್ಲ ಅಂತನೂ ಗೊತ್ತಿತ್ತು. ಬೆರಳು ಮುಟ್ಟಿ ನೋಡಿದ್ರ ಒಮ್ಮೊಮ್ಮೆ ಸಂಶೆ ಬರ್ತಿತ್ತು. ಬೆರಳಿಗೂ ವಯಸ್ಸಾಗ್ಯಾದ ಅಂದ್ಕೊಂಡೆ. ನಿನ್ನ ಫೋಟೋ ನೋಡಿ ನೋಡಿ, ನನ್ನ ಕೆಲಸ ಇನ್ನೂ ಕೆಟ್ಟಿಲ್ಲ ಅಂತ ನಂಬ್ಕೋತ ಬಂದೆ. ಮೊದಲನೇದಕ್ಕೇ ಹೇಳಿದ್ರ ಅವತ್ತೇ ಅರ ಕೆಳಗ ಇಡ್ತಿದ್ದೆ."

ರೇವಣಸಿದ್ಧ ಎದ್ದು ನಿಂತ. ಕರಡಿಗೆಯನ್ನು ವಾಪಸು ಒಯ್ಯುವಿರಾ ಎಂದು ಉಮಾಕಾಂತ ಕೇಳಿದ್ದಕ್ಕೆ, ಅದನ್ನು ಮನೆಯಲ್ಲಿ ಇಡುವುದಿಲ್ಲ ಅಂದ. ಬಾಗಿಲ ಹೊರಗೆ ಚಪ್ಪಲಿ ಮೆಟ್ಟುತ್ತ ತ್ರಿವೇಣಿಗೆ ಮಾತ್ರ ಕೇಳುವಂತೆ, ಇನ್ನುಳಿದವು ಯಾರ ಕೊರಳಲ್ಲಿ ಇವೆ ನೋಡಿರಿ ಅಂದು ಹೋದ.

ಕಾಶೆಪ್ಪನವರು ಆ ಮಧ್ಯಾಹ್ನವೇ ಮಣೆಯ ಸಾಮಾನುಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿದರು. ಅರ್ಧ ಆದ ಎರಡು ಬಟ್ಟಲುಗಳನ್ನು ತಾವೇ ಮೂಸೆಗೆ ಹಾಕಿ ಕರಗಿಸಿದರು. ಮೂಸೆ ಹಿಡಿದ ಚಿಮಟ ನಡುಗಿ ಒಂದಿಷ್ಟು ಬೆಳ್ಳಿ ನೆಲಕ್ಕೆ ಚೆಲ್ಲಿತು, ಅದನ್ನು ಅವರು ಕೆರೆದು ತೆಗೆಯಲಿಲ್ಲ. ಸೊಸೆಯ ಮೇಲೆ ಸಿಟ್ಟು ಮಾಡಲಿಲ್ಲ, ಮಗನನ್ನು ಬೈಯಲಿಲ್ಲ. ಆದರೆ ಅಂದಿನಿಂದ ತ್ರಿವೇಣಿ ತಂದ ಚಹಾ ಅವರು ಮುಟ್ಟಲಿಲ್ಲ. ಪ್ರೇಮಾಬಾಯಿಯೇ ತರಬೇಕು. ಅವಳೇ ಕುಡಿಸಬೇಕು, ಯಾಕೆಂದರೆ ಈಗ ಅವರು ಕೈಯ ನಡುಕವನ್ನು ಮುಚ್ಚಿಡುವುದನ್ನು ಬಿಟ್ಟಿದ್ದರು, ಮುಚ್ಚದೆ ಬಿಟ್ಟ ಮೇಲೆ ಅದು ಭುಜದ ತನಕ ಏರಿತ್ತು.

ತ್ರಿವೇಣಿ ಆರ್ಡರಿನ ಪಟ್ಟಿ ತೆಗೆದು ಹತ್ತು ಮನೆಗಳಿಗೆ ಫೋನು ಹಚ್ಚಿದಳು. ಉಮಾಕಾಂತ ಬೇಡ ಅಂದ. ಇದ್ದ ಹೆಸರನ್ನೂ ನೀನೇ ತೊಳೆದುಬಿಡುತ್ತೀಯ ಅಂದ. ಎರಡು ದಿನ ಮಾತು ಬಿಟ್ಟ. ಅವಳು ನಿಲ್ಲಿಸಲಿಲ್ಲ. ಕರಡಿಗೆಯ ಬಾಯಿ ಕೂಡಿಲ್ಲ, ಲಿಂಗ ಬಿದ್ದೀತು, ಇವತ್ತೇ ಬಿಚ್ಚಿ ವಸ್ತ್ರದಲ್ಲಿ ಕಟ್ಟಿಕೊಳ್ಳಿ, ಕರಡಿಗೆ ನಮಗೆ ಕಳಿಸಿ ಅಂತ ಪ್ರತಿಯೊಬ್ಬರಿಗೂ ಒಂದೇ ಮಾತು. ಜೊತೆಗೆ ಅವರವರ ಕರಡಿಗೆಯ ಫೋಟೋ, ಬೆಳ್ಳಿ ಹಚ್ಚದ್ದು, ಬೂದು ಇರುವ ಕಡೆ ಕೆಂಪು ಸುತ್ತು ಎಳೆದು ಕಳಿಸಿದಳು. ಕೆಲವರು ಬೈದರು. ಮುರುಮದ ಒಬ್ಬ ವ್ಯಾಪಾರಿ ಪೊಲೀಸರ ಹೆಸರು ತೆಗೆದ. ಆರು ಕರಡಿಗೆಗಳು ಒಂದೊಂದಾಗಿ ವಾಪಸು ಬಂದವು. ಒಂದರ ಮುಚ್ಚಳಕ್ಕೆ ಯಾರೋ ಮೇಣ ಹಚ್ಚಿ ಕೂರಿಸಿದ್ದರು.

ಎರಡಕ್ಕೆ ಅವಳೇ ಹೋಗಬೇಕಾಯಿತು. ನಿಲಂಗಾದಲ್ಲಿ ಕೊಟ್ಟರು. ಉದಗೀರದಲ್ಲಿ ಭುವನೇಶ್ವರಿ ಎಂಬ ಮುದುಕಿ ಕೊಡಲಿಲ್ಲ. ಈ ಕರಡಿಗೆ ಬಂದ ಮೇಲೆ ತನಗೆ ಮೊಣಕಾಲು ನೋವು ಕಡಿಮೆಯಾಗಿದೆ ಎಂದು ಆಕೆ ನಂಬಿದ್ದಳು. ತ್ರಿವೇಣಿ ಕೈಮುಗಿದು ಕೇಳಿಕೊಂಡಳು, ಮುಚ್ಚಳದ ಬದಿಗೆ ಬೆರಳು ತಾಗಿಸಿ ಅದು ಏಳುವುದನ್ನು ಕಣ್ಣೆದುರೇ ತೋರಿಸಿದಳು. ಔರಾದದಲ್ಲಿ ಹೀಗೆ ಒಬ್ಬರ ಲಿಂಗ ಹೋಯಿತು ಅಂದಳು. ಅವರು ಏನಾದರು ಎಂದು ಮುದುಕಿ ಕೇಳಿದಳು. ತ್ರಿವೇಣಿ ಕರಡಿಗೆಯಿಂದ ಕೈ ಹಿಂದಕ್ಕೆ ತಗೊಂಡಳು. ಮುದುಕಿ ಅವಳ ಮುಖವನ್ನೇ ನೋಡಿ, ಎಲ್ಲ ತಿಳಿದವಳಂತೆ ಕರಡಿಗೆಯನ್ನು ಸೆರಗಿನೊಳಗೆ ಸೇರಿಸಿಕೊಂಡು, ನನಗೂ ಹೋಗುವ ವಯಸ್ಸೇ ಆಗಿದೆ ಬಿಡು ಅಂದಳು.

ಉಳಿದ ಎರಡು ಸಿಗಲಿಲ್ಲ. ಒಂದನ್ನು ತಗೊಂಡವರು ಪುಣೆಯವರು, ಮನೆ ಬದಲಿಸಿದ್ದರು. ಇನ್ನೊಂದರ ಫೋನು ಬಂದ್ ಆಗಿತ್ತು.

ಸಂಕ್ರಾಂತಿ ಕಳೆದ ಮೇಲೆ ಉಮಾಕಾಂತ ಸೋಲಾಪುರದಿಂದ ಅಚ್ಚಿನ ಕರಡಿಗೆಗಳನ್ನು ತಂದ. ಅವುಗಳ ಫೋಟೋ ಬೇಕು ಎಂದು ಅವನು ಹೆಂಡತಿಗೆ ನೇರವಾಗಿ ಹೇಳಲಿಲ್ಲ, ಡಬ್ಬಿಯನ್ನು ಅವಳ ಮೇಜಿನ ಮೇಲೆ ಇಟ್ಟು ಹೋದ. ತ್ರಿವೇಣಿ ಹಾಳೆ ಹಾಸಿದಳು, ಎರಡು ಬದಿಗೆ ಕಪ್ಪು ಕಾಗದ ನಿಲ್ಲಿಸಿದಳು. ಕರಡಿಗೆಯದೊಂದು, ಖಾಲಿ ಹಾಳೆಯದೊಂದು ಫೋಟೋ ತೆಗೆದು ಭಾಗಿಸಿದಳು. ಯಂತ್ರದ ಬಾಯಿ ಸುತ್ತಲೂ ಸರಿಯಾಗಿತ್ತು. ಎಲ್ಲಿಯೂ ಬೂದು ಉಳಿಯಲಿಲ್ಲ. ಆದರೂ ಅವಳು ಅಂಚಿನುದ್ದಕ್ಕೂ ಹೋದಳು, ಮತ್ತೆ ಹೋದಳು, ಕರಡಿಗೆಯನ್ನು ಕಾಲು ಸುತ್ತು ತಿರುಗಿಸಿ ಮತ್ತೆ ತೆಗೆದಳು. ಹೊರಗೆ ಪಡಸಾಲೆಯಲ್ಲಿ ಪ್ರೇಮಾಬಾಯಿ ಗಂಡನಿಗೆ ಚಹಾ ಕುಡಿಸುತ್ತಿದ್ದಳು. ಲೋಟ ಅವರ ಹಲ್ಲಿಗೆ ತಾಗುವ ಸದ್ದು ಒಳಗೆ ಕೇಳುತ್ತಿತ್ತು.

ಸಂಜೆಯ ತನಕ ಅವಳಿಗೆ ಒಂದೇ ಕರಡಿಗೆ ಮುಗಿಯಿತು. ಡಬ್ಬಿಯಲ್ಲಿ ಇನ್ನೂ ಇಪ್ಪತ್ಮೂರು ಇದ್ದವು.